ಒಂದು ಗೇರ್‌ಬಾಕ್ಸ್‌ಗೆ ಒಂದು ಟೆಂಪೋ

ಮುಂಬೈ–ಆಗ್ರಾ ಹೆದ್ದಾರಿಯಲ್ಲಿ ನಾಶಿಕ್ ಬಿಟ್ಟು ಮಾಲೆಗಾಂವ್ ಕಡೆ ಹೊರಟರೆ ನಡುವೆ ಸಿಗುವ ಊರು ಚಾಂದವಡ್. ಬೆಟ್ಟದ ಸಾಲು, ಅದರ ಬುಡದಲ್ಲಿ ರೇಣುಕಾದೇವಿಯ ಗುಡಿ, ಊರೊಳಗೆ ಹೋಳ್ಕರರ ಕಾಲದ ರಂಗಮಹಲ್, ಸುತ್ತ ಈರುಳ್ಳಿ ಮತ್ತು ದ್ರಾಕ್ಷಿ. ಬೆಳಗಾವಿಯಿಂದ ಹೋದವನಿಗೆ ರೇಣುಕೆ ಎಂದರೆ ಸವದತ್ತಿ ಎಲ್ಲಮ್ಮ. ಹಾಗಾಗಿ ಮೊದಲ ದಿನವೇ ಊರು ಅಷ್ಟೇನೂ ಪರಕೀಯ ಅನಿಸಲಿಲ್ಲ. ನಾನು ಅಲ್ಲಿಗೆ ಹೋದದ್ದು ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಯಂತ್ರ ಮಾಡುವ ಒಂದು ಸಣ್ಣ ಕಾರ್ಖಾನೆಗೆ. ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಎಳೆಯುವ, ದೊಡ್ಡ ಫ್ಯಾನಿನಿಂದ ಔಷಧಿಯನ್ನು ಮಂಜಿನಂತೆ ಚಿಮ್ಮಿಸುವ ಬ್ಲೋವರ್ ಅದು. ನನ್ನ ಹುದ್ದೆ ಪ್ಲಾನಿಂಗ್: ಯಾವ ಭಾಗ, ಯಾವಾಗ, ಎಷ್ಟು ಬೇಕು ಎಂದು ಹೇಳುವುದು.

ಆ ‘ಎಷ್ಟು’ ಎನ್ನುವುದರಲ್ಲಿ ನಾನು ಎರಡು ಸಲ ತಪ್ಪಿದೆ. ಮೊದಲು ಒಂದು ಬದಿಗೆ, ಆಮೇಲೆ ಇನ್ನೊಂದು ಬದಿಗೆ. ಆ ಎರಡು ತಪ್ಪುಗಳ ಕತೆಯೇ ಈ ಬರಹ.

ಅದಕ್ಕೆ ಮೊದಲು ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ಮಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್, ಎಂದರೆ ಎಂಆರ್‌ಪಿ, ಹೆಸರಿಗೆ ದೊಡ್ಡದು; ಒಳಗಿನ ಲೆಕ್ಕ ಮದುವೆ ಅಡುಗೆಯವರು ಮಾಡುವ ಲೆಕ್ಕವೇ. ಇಷ್ಟು ಎಲೆ ಬೀಳುತ್ತವೆ ಎಂದರೆ ಇಷ್ಟು ಬೇಳೆ, ಇಷ್ಟು ಬೆಲ್ಲ. ಮನೆಯಲ್ಲಿ ಈಗಾಗಲೇ ಇರುವುದನ್ನು ಕಳೆ. ಉಳಿದದ್ದನ್ನು ಎಷ್ಟು ದಿನ ಮೊದಲು ತರಿಸಬೇಕೋ ಅಷ್ಟು ದಿನ ಮೊದಲೇ ಹೇಳು. ಕಾರ್ಖಾನೆಯಲ್ಲಿ ಎಲೆಯ ಬದಲು ಯಂತ್ರ. ವಾರಕ್ಕೆ ಆರು ಬ್ಲೋವರ್ ಹೊರಡಬೇಕಾದರೆ ಆರು ಗೇರ್‌ಬಾಕ್ಸ್ ಬೇಕು. ಸ್ಟಾಕಿನಲ್ಲಿರುವುದನ್ನೂ ಬರುವ ದಾರಿಯಲ್ಲಿರುವುದನ್ನೂ ಕಳೆದರೆ ಸಿಗುವುದು ನಿವ್ವಳ ಅಗತ್ಯ. ಗಿರಾಕಿಯ ಬೇಡಿಕೆಯನ್ನು ಅಂದಾಜು ಮಾಡಬೇಕಾಗುತ್ತದೆ, ಆದರೆ ಗೇರ್‌ಬಾಕ್ಸಿನ ಬೇಡಿಕೆಯನ್ನು ಅಂದಾಜು ಮಾಡಬೇಕಿಲ್ಲ, ಅದು ಯಂತ್ರದ ಬೇಡಿಕೆಯಿಂದಲೇ ಹುಟ್ಟುತ್ತದೆ. ಜೋಸೆಫ್ ಓರ್ಲಿಕಿ 1975ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ ಮಾತು ಇದೇ.

ನಿವ್ವಳ ಅಗತ್ಯ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಪ್ರತಿ ವಾರದ ಅಗತ್ಯಕ್ಕೆ ಅಷ್ಟಷ್ಟೇ ಆರ್ಡರ್ ಹಾಕುವುದೋ, ಇಲ್ಲವೇ ಎರಡು ಮೂರು ವಾರದ್ದನ್ನು ಸೇರಿಸಿ ಒಂದೇ ಸಲ ತರಿಸುವುದೋ? ಮೊದಲನೆಯದಕ್ಕೆ ಲಾಟ್-ಫಾರ್-ಲಾಟ್ ಎನ್ನುತ್ತಾರೆ, ಬೇಕಾದಷ್ಟೇ, ಬೇಕಾದಾಗಲೇ. ಎರಡನೆಯದು ನಿಗದಿತ ಅವಧಿಯ ಆರ್ಡರ್. ಅಲ್ಲಿ ಅವಧಿ ಮಾತ್ರ ಗೊತ್ತು, ಪ್ರಮಾಣ ಆ ಅವಧಿಯ ಅಗತ್ಯ ಎಷ್ಟಿದೆಯೋ ಅಷ್ಟು. ಸ್ಯಾಪ್ ತಂತ್ರಾಂಶದಲ್ಲಿ ಇದು ಪ್ರತಿ ಭಾಗದ ದಾಖಲೆಯಲ್ಲಿ ಎರಡಕ್ಷರದ ಒಂದು ಖಾನೆ: EX ಎಂದು ಹಾಕಿದರೆ ಅಷ್ಟಕ್ಕಷ್ಟೇ, WB ಎಂದರೆ ವಾರದ್ದು, MB ಎಂದರೆ ತಿಂಗಳದ್ದು. ನಮ್ಮದು ಅಷ್ಟು ದೊಡ್ಡ ತಂತ್ರಾಂಶವಲ್ಲ, ಆದರೆ ಖಾನೆ ಅದೇ.

ನಾನು ಸೇರಿದಾಗ ಸ್ಟೋರ್ ತುಂಬಿ ತುಳುಕುತ್ತಿತ್ತು. ನೋಡಿಕೊಳ್ಳುತ್ತಿದ್ದ ಕಾಕಾ ಅರವತ್ತರ ಸಮೀಪದವರು, ಯಾವ ರ್‍ಯಾಕಿನಲ್ಲಿ ಏನಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ನಾನು ಹಿಂದಿನ ಕೆಲಸದಲ್ಲಿ ‘ಸ್ಟಾಕ್ ಎಂದರೆ ಪಾಪ’ ಎಂಬ ಪಾಠ ಕಲಿತು ಬಂದವನು. ಮೊದಲ ತಿಂಗಳಲ್ಲೇ ಎಲ್ಲ ಭಾಗಗಳ ಆ ಖಾನೆಯನ್ನು ಲಾಟ್-ಫಾರ್-ಲಾಟ್‌ಗೆ ಬದಲಿಸಿದೆ. ಸ್ಟೋರ್ ಖಾಲಿಯಾಗತೊಡಗಿತು. ಮಾಲೀಕರು ಬೆನ್ನು ತಟ್ಟಿದರು. ಕಾಕಾ ಮಾತ್ರ ಏನೂ ಅನ್ನಲಿಲ್ಲ.

ಗೇರ್‌ಬಾಕ್ಸ್ ಬರುತ್ತಿದ್ದುದು ವಾಳೂಜ್‌ನಿಂದ. ಆಗ ಔರಂಗಾಬಾದ್ ಎನ್ನುತ್ತಿದ್ದ, ಈಗಿನ ಛತ್ರಪತಿ ಸಂಭಾಜಿನಗರದ ಹೊರವಲಯದ ಕೈಗಾರಿಕಾ ಪ್ರದೇಶ ಅದು. ಅಲ್ಲಿಂದ ವೈಜಾಪುರ, ಯೇವಲಾ, ಮನ್ಮಾಡ್ ದಾಟಿ ಟೆಂಪೋ ಚಾಂದವಡ್‌ಗೆ ಬರಬೇಕು, ನೂರಕ್ಕೂ ಹೆಚ್ಚು ಕಿಲೋಮೀಟರ್. ಮಾಡುತ್ತಿದ್ದವರು ಒಂದು ಸಣ್ಣ ಶೆಡ್ಡಿನ ಮಾಲೀಕರು. ಕೆಲವೇ ಯಂತ್ರ, ಕೆಲವೇ ಜನ. ಕೆಲಸ ಮಾತ್ರ ಅಚ್ಚುಕಟ್ಟು. ಒಂದರ ಬೆಲೆ ₹26,000, ತಲುಪಿಸುವ ಖರ್ಚು ಅವರದೇ. ಆರ್ಡರ್ ಕೊಟ್ಟ ಎರಡು ವಾರಕ್ಕೆ ಮಾಲು.

ದ್ರಾಕ್ಷಿಯ ಕೆಲಸ ತಿಳಿಯದವರಿಗೆ ಒಂದು ಮಾತು. ನಾಶಿಕ್ ಕಡೆ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ: ಏಪ್ರಿಲ್ ಸುಮಾರಿಗೆ ಒಮ್ಮೆ, ಹಣ್ಣಿಗಾಗಿ ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ. ನಮ್ಮ ವಿಜಯಪುರದ ಬೆಳೆಗಾರರ ಕ್ರಮವೂ ಇದೇ. ಸಟಾಣಾ ಕಡೆ ಮಾತ್ರ ಹಣ್ಣಿನ ಕತ್ತರಿಯನ್ನು ಮಳೆಗಾಲದಲ್ಲೇ ಹಾಕುವವರಿದ್ದಾರೆ. ಬೇಗ ಹಣ್ಣು ಬಂದರೆ ಒಳ್ಳೆಯ ದರ. ಅದರ ಜೊತೆಗೆ ಬರುವ ಅಪಾಯ ಡೌನಿ. ಕತ್ತರಿಸಿದ ಮೇಲೆ ಚಿಗುರೊಡೆದ ಎಳೆ ಎಲೆಯ ಮೇಲೆ ಮಳೆ ನಿಂತರೆ ಆ ಬೂಜು ಕೆಲವೇ ದಿನಗಳಲ್ಲಿ ಗೊಂಚಲನ್ನೇ ತೆಗೆದುಕೊಂಡು ಹೋಗುತ್ತದೆ. ಹಾಗಾಗಿ ನಮ್ಮ ಯಂತ್ರಕ್ಕೆ ಬೇಡಿಕೆ ಸಮನಾಗಿ ಹರಿದು ಬರುವುದಿಲ್ಲ. ಒಂದು ವಾರ ಏನೂ ಇಲ್ಲ, ಇನ್ನೊಂದು ವಾರ ಒಮ್ಮೆಲೇ ಒಂಬತ್ತು.

ಆ ಮಳೆಗಾಲದ ಎಂಟು ವಾರಗಳ ಗೇರ್‌ಬಾಕ್ಸ್ ಅಗತ್ಯ ಹೀಗಿತ್ತು: 6, 4, 0, 9, 1, 3, 0, 7. ಒಟ್ಟು ಮೂವತ್ತು. ಐದನೇ ವಾರದ ಆ ಒಂದು ನನಗೆ ಇನ್ನೂ ನೆನಪಿದೆ. ಅದು ಸಟಾಣಾ ಕಡೆಯ ಒಬ್ಬ ರೈತರ ಯಂತ್ರದ್ದು. ಮುಂಗಡ ಕೊಟ್ಟು, ಬಳ್ಳಿ ಕತ್ತರಿಸಿ, ದಿನ ಎಣಿಸುತ್ತಿದ್ದರು.

ಗೇರ್‌ಬಾಕ್ಸ್ ಆ ವಾರ ಬರಲಿಲ್ಲ. ರೈತರು ಬಂದರು. ಗೇಟಿನ ಹತ್ತಿರ ಚಹಾ ಕೊಟ್ಟು ಕೂರಿಸಿದೆವು. ಫ್ಯಾನು, ಟ್ಯಾಂಕು, ಪಂಪು, ಚಾಸಿ, ಎಲ್ಲ ಸಿದ್ಧವಾಗಿ ಶೆಡ್ಡಿನಲ್ಲಿ ನಿಂತಿದ್ದ ಯಂತ್ರವನ್ನು ಅವರೇ ನೋಡಿದರು. “ಸಾಹೇಬ, ಎಲ್ಲ ಇದೆಯಲ್ಲ, ಇನ್ನೇನು ಬಾಕಿ?” ಎಂದರು. ಬಾಕಿ ಏನು ಎಂದು ಹೇಳಿದೆ. ಅವರು ಮೋಡ ನೋಡಿದರು, ಏನೂ ಮಾತಾಡದೆ ಬಸ್ಸು ಹಿಡಿದರು. ನಾನು ಒಳಗೆ ಹೋಗಿ ವಾಳೂಜ್‌ನವರಿಗೆ ಖಾರವಾಗಿ ಒಂದು ಇಮೇಲ್ ಬರೆದೆ. ಎರಡು ತಿಂಗಳಲ್ಲಿ ಅವರ ಅಂಕಪಟ್ಟಿ ಹಸಿರಿನಿಂದ ಕೆಂಪಿಗೆ ಇಳಿದಿತ್ತು. ಬೇರೆಯವರನ್ನು ಹುಡುಕಬೇಕಾಗುತ್ತದೆ ಎಂದೂ ಬರೆದೆ.

ಸಂಜೆ ಫೋನ್ ಬಂತು. ಅವರು ಜಗಳವಾಡಲಿಲ್ಲ. “ಸಾಹೇಬ, ಒಂದು ಗೇರ್‌ಬಾಕ್ಸ್‌ಗೆ ಒಂದು ಟೆಂಪೋ ಹೇಗೆ ಕಳಿಸಲಿ? ಮುಂದಿನ ವಾರದ ಮೂರರ ಜೊತೆ ಸೇರಿಸಿ ಕಳಿಸುತ್ತೇನೆ ಅಂದುಕೊಂಡೆ” ಎಂದರು.

ಆ ರಾತ್ರಿ ನಾನು ಅಂಕಪಟ್ಟಿಯನ್ನು ಬೇರೆ ರೀತಿಯಲ್ಲಿ ತೆರೆದೆ. ತಡವಾದ ಆರ್ಡರುಗಳನ್ನು ತಾರೀಖಿನ ಪ್ರಕಾರವಲ್ಲ, ಪ್ರಮಾಣದ ಪ್ರಕಾರ ಜೋಡಿಸಿದೆ. ಆರು, ಒಂಬತ್ತರ ಆರ್ಡರುಗಳು ಒಂದೂ ತಡವಾಗಿರಲಿಲ್ಲ. ತಡವಾದವೆಲ್ಲ ಒಂದು, ಎರಡು, ಮೂರರವು. ಕೆಲಸದಲ್ಲಿ ಹಿಂದೆ ಬಿದ್ದವರು ದೊಡ್ಡ ಆರ್ಡರಿನಲ್ಲಿ ತಡ ಮಾಡುತ್ತಾರೆ. ಸಣ್ಣದರಲ್ಲಿ ಮಾತ್ರ ತಡ ಮಾಡುವವರು, ನಾವು ಒಡೆದದ್ದನ್ನು ಮತ್ತೆ ಜೋಡಿಸುತ್ತಿದ್ದಾರೆ ಎಂದರ್ಥ. ನಾನು ಸೇರಿಸಲು ಒಲ್ಲೆ ಎಂದ ಲಾಟನ್ನು ಅವರು ತಮ್ಮ ಶೆಡ್ಡಿನಲ್ಲಿ ಸೇರಿಸುತ್ತಿದ್ದರು, ನನಗೆ ಹೇಳದೆ. ಅವಧಿಯನ್ನು ನಾನು ಹಾಕಿದ್ದರೆ ರೈತರ ಗೇರ್‌ಬಾಕ್ಸ್ ಮುಂದಕ್ಕೆ ಹೋಗುತ್ತಿರಲಿಲ್ಲ, ಹಿಂದಿನ ವಾರದ ಒಂಬತ್ತರ ಜೊತೆ ಮೊದಲೇ ಬಂದುಬಿಡುತ್ತಿತ್ತು. ಅವರು ಹಾಕಿದ್ದರಿಂದ ಅದು ಹಿಂದೆ ಉಳಿಯಿತು. ಸೇರಿಸುವುದು ಎರಡೂ ಕಡೆ ಒಂದೇ, ಆದರೆ ಕೊಳ್ಳುವವ ಸೇರಿಸಿದರೆ ಮಾಲು ಬೇಗ ಬರುತ್ತದೆ, ಕಳಿಸುವವ ಸೇರಿಸಿದರೆ ತಡವಾಗಿ ಬರುತ್ತದೆ.

ಮರುದಿನ ಕಾಗದ ಹಿಡಿದು ಕೂತೆ. ಲಾಟ್-ಫಾರ್-ಲಾಟ್ ನನಗೆ ಪುಕ್ಕಟೆಯಾಗಿ ಕಂಡದ್ದು ಏಕೆಂದರೆ ಒಂದು ಆರ್ಡರಿನ ಖರ್ಚನ್ನು ನಾನು ಸೊನ್ನೆ ಎಂದು ಹಿಡಿದಿದ್ದೆ. ಟೆಂಪೋ ಅವರದು, ಹಾಗಾಗಿ ನನ್ನ ಪುಸ್ತಕದಲ್ಲಿ ಬರುವುದೇ ಇಲ್ಲ. ಅವರನ್ನೇ ಕೇಳಿ ಟೆಂಪೋ ಬಾಡಿಗೆ, ನಮ್ಮ ಕಡೆ ಇಳಿಸುವ ಕೂಲಿ, ಮಾಲು ಬಂದಾಗಿನ ತಪಾಸಣೆ, ಕಾಗದಪತ್ರ, ಎಲ್ಲ ಸೇರಿಸಿದೆ. ಒಂದು ಸಲಕ್ಕೆ ₹1,800. ಇನ್ನೊಂದು ಕಡೆ, ಒಂದು ಗೇರ್‌ಬಾಕ್ಸನ್ನು ಸ್ಟೋರಿನಲ್ಲಿ ಇಟ್ಟುಕೊಳ್ಳುವ ಖರ್ಚು: ಬ್ಯಾಂಕಿನ ಬಡ್ಡಿ, ಜಾಗ, ವಿಮೆ, ಹಾಳಾಗುವ ಸಂಭವ ಸೇರಿ ವರ್ಷಕ್ಕೆ ಬೆಲೆಯ ಶೇಕಡಾ 24 ಎಂದು ಹಿಡಿದೆ. ₹26,000ಕ್ಕೆ ವರ್ಷಕ್ಕೆ ₹6,240, ಅಂದರೆ ವಾರಕ್ಕೆ ₹120. ವಾರದ ಕೊನೆಗೆ ಸ್ಟೋರಿನಲ್ಲಿ ಉಳಿದ ಪ್ರತಿ ಗೇರ್‌ಬಾಕ್ಸಿಗೆ ₹120 ಬೀಳುತ್ತದೆ ಎಂದು ಲೆಕ್ಕ.

ಎಂಟು ವಾರಗಳಲ್ಲಿ ಯಾವ ವಾರ ಎಷ್ಟು ಬರುತ್ತದೆ ಎಂಬುದು ಹೀಗೆ:

| ವಾರ | 1 | 2 | 3 | 4 | 5 | 6 | 7 | 8 |
|---|---|---|---|---|---|---|---|---|
| ಅಗತ್ಯ | 6 | 4 | 0 | 9 | 1 | 3 | 0 | 7 |
| ಲಾಟ್-ಫಾರ್-ಲಾಟ್ | 6 | 4 | – | 9 | 1 | 3 | – | 7 |
| ಮೂರು ವಾರದ ಅವಧಿ | 10 | – | – | 13 | – | – | – | 7 |
| ನಾಲ್ಕು ವಾರದ ಅವಧಿ | 19 | – | – | – | 11 | – | – | – |

ಲಾಟ್-ಫಾರ್-ಲಾಟ್‌ನಲ್ಲಿ ಟೆಂಪೋ ಆರು ಸಲ ಬರುತ್ತದೆ, ಸ್ಟೋರಿನಲ್ಲಿ ಏನೂ ಉಳಿಯುವುದಿಲ್ಲ. ಆರು ಸಲಕ್ಕೆ ₹10,800.

ಮೂರು ವಾರದ ಅವಧಿಯಲ್ಲಿ ಮೊದಲ ಅಗತ್ಯ ಕಂಡ ವಾರದಿಂದ ಮೂರು ವಾರ ಎಣಿಸುತ್ತೇವೆ. ಒಂದನೇ ವಾರ ಹತ್ತು ಬರುತ್ತವೆ, ಆರು ಬಳಕೆಯಾಗಿ ನಾಲ್ಕು ಒಂದು ವಾರ ಉಳಿಯುತ್ತವೆ. ಮುಂದಿನ ಅಗತ್ಯ ಇರುವುದು ನಾಲ್ಕನೇ ವಾರ. ಅಲ್ಲಿಂದ ಮೂರು ವಾರದ್ದು ಹದಿಮೂರು. ಒಂಬತ್ತು ಹೋಗಿ ನಾಲ್ಕು ಉಳಿಯುತ್ತವೆ, ಮರುವಾರ ಒಂದು ಹೋಗಿ ಮೂರು ಉಳಿಯುತ್ತವೆ. ಏಳನೇ ವಾರ ಅಗತ್ಯವಿಲ್ಲ, ಆದ್ದರಿಂದ ಮೂರನೇ ಆರ್ಡರ್ ಎಂಟನೇ ವಾರಕ್ಕೆ. ಅದರಲ್ಲಿ ಒಂಬತ್ತು, ಹತ್ತನೇ ವಾರಗಳದ್ದೂ ಸೇರಬೇಕು, ಆದರೆ ನಮ್ಮ ಲೆಕ್ಕ ಎಂಟಕ್ಕೆ ನಿಲ್ಲುತ್ತದೆ. ಮೂರು ಟೆಂಪೋಗೆ ₹5,400. ಉಳಿದವು 4, 4, 3, ಒಟ್ಟು ಹನ್ನೊಂದು, ಅದಕ್ಕೆ ₹1,320. ಕೂಡಿದರೆ ₹6,720.

ನಾಲ್ಕು ವಾರಕ್ಕೆ ಹಾಕಿದರೆ ಟೆಂಪೋ ಎರಡೇ ಸಲ, ₹3,600. ಆದರೆ ಮೊದಲ ವಾರ ಬಂದ ಹತ್ತೊಂಬತ್ತರಲ್ಲಿ ಹದಿಮೂರು, ಆಮೇಲೆ ಒಂಬತ್ತು, ಮತ್ತೂ ಒಂಬತ್ತು ಉಳಿಯುತ್ತವೆ. ಎರಡನೇ ಸುತ್ತಿನಲ್ಲಿ 10, 7, 7. ಒಟ್ಟು ಐವತ್ತೈದು, ಅದಕ್ಕೆ ₹6,600. ಎಲ್ಲ ಸೇರಿ ₹10,200. ಮೂರರಿಂದ ನಾಲ್ಕಕ್ಕೆ ಒಂದೇ ವಾರ ಹೆಚ್ಚಿಸಿದ್ದಕ್ಕೆ ಖರ್ಚು ಮತ್ತೆ ಲಾಟ್-ಫಾರ್-ಲಾಟ್‌ನ ಹತ್ತಿರಕ್ಕೇ ಹೋಗುತ್ತದೆ. ನಾಲ್ಕನೇ ವಾರದ ಆ ಒಂಬತ್ತನ್ನು ಮೊದಲ ವಾರವೇ ತಂದು ಮೂರು ವಾರ ಕೂರಿಸಿದ್ದೇ ಇದಕ್ಕೆ ಮುಖ್ಯ ಕಾರಣ.

ಹಾಗಾದರೆ ಮೂರು ಎಂಬುದನ್ನು ಒಂದೊಂದೇ ಹಾಕಿ ನೋಡದೆ ಮೊದಲೇ ಊಹಿಸುವುದು ಹೇಗೆ? 1913ರಲ್ಲಿ ಫೋರ್ಡ್ ಹ್ಯಾರಿಸ್ ಕೊಟ್ಟ ಹಳೆಯ ಸೂತ್ರವೊಂದಿದೆ. ವಾರದ ಸರಾಸರಿ ಅಗತ್ಯ 3.75. ಅದನ್ನೂ ಒಂದು ಸಲದ ಖರ್ಚನ್ನೂ ಗುಣಿಸಿ, ಎರಡರಿಂದ ಗುಣಿಸಿ, ವಾರದ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯುವುದು:

```
√(2 × 3.75 × 1800 / 120) = 10.6
10.6 / 3.75 = 2.8
```

ಒಂದು ಸಲಕ್ಕೆ ಸುಮಾರು ಹತ್ತೂವರೆ ಗೇರ್‌ಬಾಕ್ಸ್, ಅಂದರೆ ಸುಮಾರು ಮೂರು ವಾರದ ಅಗತ್ಯ. ಪ್ರತಿ ಸಲ ಹನ್ನೊಂದೇ ತರಿಸು ಎಂದು ಈ ಸೂತ್ರವನ್ನು ನೇರವಾಗಿ ಬಳಸಬಾರದು. ಅಗತ್ಯ ಏರಿಳಿಯುವಾಗ ಹನ್ನೊಂದು ತಂದರೆ ಒಂದೆರಡು ಸುಮ್ಮನೆ ಉಳಿದು ಮುಂದಿನ ಅಗತ್ಯಕ್ಕೂ ಸಾಲುವುದಿಲ್ಲ. ಸೂತ್ರದಿಂದ ಅವಧಿಯನ್ನು ಮಾತ್ರ ತೆಗೆದುಕೊಂಡು, ಪ್ರಮಾಣವನ್ನು ಆ ಅವಧಿಯ ನಿಜವಾದ ಅಗತ್ಯಕ್ಕೆ ಬಿಟ್ಟರೆ ಚಿಲ್ಲರೆ ಉಳಿಯುವುದಿಲ್ಲ. ನಿಗದಿತ ಅವಧಿಯ ಪದ್ಧತಿಯ ಗುಣ ಇದೇ.

ಇಲ್ಲೊಂದು ಸಣ್ಣ ಬಲೆ ಇದೆ, ಅದರಲ್ಲಿ ನಾನೂ ಬಿದ್ದೆ. ಹೆದರಿಕೊಂಡು ಮೊದಲು ಎರಡು ವಾರ ಎಂದು ಹಾಕಿ ನೋಡಿದೆ. ಕಾಗದದ ಮೇಲೆ ₹7,800 ಬಂದಿತ್ತು. ತಂತ್ರಾಂಶ ಕೊಟ್ಟ ಯೋಜನೆಯ ಖರ್ಚು ಲೆಕ್ಕ ಹಾಕಿದರೆ ₹9,960. ಎರಡೂ ಎರಡು ವಾರವೇ, ಎರಡರಲ್ಲೂ ನಾಲ್ಕೇ ಟೆಂಪೋ. ವ್ಯತ್ಯಾಸ ಎಲ್ಲಿ? ನಾನು ಅಗತ್ಯ ಕಂಡ ವಾರದಿಂದ ಎರಡು ವಾರ ಎಣಿಸಿದ್ದೆ: ಒಂದನೇ ವಾರ ಹತ್ತು, ನಾಲ್ಕನೇ ವಾರ ಹತ್ತು, ಆರನೇ ವಾರ ಮೂರು, ಎಂಟನೇ ವಾರ ಏಳು. ತಂತ್ರಾಂಶ ಕ್ಯಾಲೆಂಡರನ್ನು ಒಂದು–ಎರಡು, ಮೂರು–ನಾಲ್ಕು, ಐದು–ಆರು, ಏಳು–ಎಂಟು ಎಂದು ಮೊದಲೇ ಕತ್ತರಿಸಿಟ್ಟು, ಪ್ರತಿ ತುಂಡಿನ ಆರಂಭಕ್ಕೆ ಮಾಲು ಬರಲಿ ಎಂದಿತ್ತು. ನಾಲ್ಕನೇ ವಾರದ ಒಂಬತ್ತು ಮೂರನೇ ವಾರವೇ ಬಂದು ಸುಮ್ಮನೆ ಕೂತವು, ಎಂಟನೇ ವಾರದ ಏಳು ಏಳನೇ ವಾರ ಬಂದು ಕೂತವು. ಮುಖ್ಯವಾಗಿ ಯಾರಿಗೂ ಬೇಡದ ವಾರಕ್ಕೆ ಮಾಲು ತರಿಸಿದ್ದರಿಂದ ಒಟ್ಟು ₹2,160 ಹೆಚ್ಚು. ನೀವು ಯಾವ ತಂತ್ರಾಂಶ ಬಳಸಿದರೂ ಒಂದು ಭಾಗದ ಯೋಜನೆ ತೆರೆದು ನೋಡಿ: ಮಾಲು ಬರುವ ತಾರೀಖಿನಲ್ಲೇ ಬಳಕೆಯೂ ಇದೆಯೇ, ಇಲ್ಲವೇ ತುಂಡಿನ ಮೊದಲ ದಿನಕ್ಕೆ ಅಂಟಿಕೊಂಡಿದೆಯೇ? ಎರಡನೆಯದಾದರೆ ಬದಲಿಸುವ ಒಂದು ಗುಂಡಿ ಎಲ್ಲೋ ಇರುತ್ತದೆ.

ಇದನ್ನು ಕಾಕಾಗೆ ವಿವರಿಸಿದಾಗ ಅವರು ನಕ್ಕರು. ಅವರ ಹೊಲದಲ್ಲಿ ಈರುಳ್ಳಿಯ ಚಾಳ್ ಇತ್ತು. ನೆಲದಿಂದ ಮೇಲೆತ್ತಿ, ಗಾಳಿಯಾಡುವಂತೆ ಕಟ್ಟಿದ ಉದ್ದನೆಯ ಗೂಡು ಅದು. ಬೇಸಿಗೆಯ ಈರುಳ್ಳಿಯನ್ನು ಅಲ್ಲಿ ತಿಂಗಳುಗಟ್ಟಲೆ ಇಟ್ಟು ದರ ಬಂದಾಗ ಮಾರುತ್ತಾರೆ. “ಇಟ್ಟರೆ ತೂಕ ಇಳಿಯುತ್ತದೆ, ಕೊಳೆಯುತ್ತದೆ. ಹಾಗಂತ ದಿನಾ ಎರಡು ಚೀಲ ಹೊತ್ತು ಮಂಡಿಗೆ ಹೋದರೆ ಗಾಡಿ ಬಾಡಿಗೆಗೇ ಈರುಳ್ಳಿ ಮುಗಿಯುತ್ತದೆ. ಟ್ರಾಲಿ ತುಂಬಿದಾಗ ಹೋಗುತ್ತೇವೆ” ಎಂದರು. ನಾನು ಎಲ್ಲವನ್ನೂ ಲಾಟ್-ಫಾರ್-ಲಾಟ್ ಮಾಡಿದ ದಿನವೇ ಇದನ್ನು ಏಕೆ ಹೇಳಲಿಲ್ಲ ಎಂದು ಕೇಳಿದೆ. “ನೀವು ಕೇಳಲಿಲ್ಲ” ಎಂದರು.

ವಾಳೂಜ್‌ನವರ ಕ್ಷಮೆ ಕೇಳಿದೆ, ಗೇರ್‌ಬಾಕ್ಸಿಗೆ ಮೂರು ವಾರದ ಅವಧಿ ಹಾಕಿದೆ. ಎಲ್ಲ ಸರಿಹೋಯಿತು ಎಂದುಕೊಂಡೆ. ಇಲ್ಲಿಂದ ನನ್ನ ಎರಡನೇ ತಪ್ಪು ಶುರು.

ಒಂದು ಕಡೆ ಉಳಿತಾಯ ಕಂಡ ಮೇಲೆ ಅದನ್ನೇ ಎಲ್ಲ ಕಡೆ ಹಚ್ಚುವ ಚಪಲ. ಮುಂದಿನ ವರ್ಷ ಫ್ಯಾನ್ ಜೋಡಣೆಗೂ ಮೂರು ವಾರ ಹಾಕಿದೆ. ಇದು ನಮ್ಮ ಶೆಡ್ಡಿನಲ್ಲೇ ಆಗುವ ಕೆಲಸ. ಒಂದು ಫ್ಯಾನಿಗೆ ಎಂಟು ಅಲಗು. ಫ್ಯಾನನ್ನು ಬೇಕಾದಷ್ಟೇ ಜೋಡಿಸುತ್ತಿದ್ದಾಗ ಅಲಗಿನ ಅಗತ್ಯ ವಾರವಾರಕ್ಕೆ 48, 32, 0, 72, 8, 24, 0, 56 ಎಂದಿರುತ್ತಿತ್ತು. ಇದೇ ಏರಿಳಿತಕ್ಕೆ ಫ್ಯಾನನ್ನು ಮೂರು ವಾರಕ್ಕೆ ಕಟ್ಟಿದರೆ ಅಲಗಿನವರಿಗೆ ಕಾಣುವುದು 80, 0, 0, 104, 0, 0, 0, 56. ಅವರಿಗೆ ಎರಡು ವಾರ ಕೆಲಸವಿಲ್ಲ, ಆಮೇಲೆ ಒಂದೇ ವಾರ ನೂರ ನಾಲ್ಕು. ಗಿರಾಕಿಯ ಬೇಡಿಕೆಯಲ್ಲಿ ಇಲ್ಲದ ಏರಿಳಿತವನ್ನು ನಾನೇ ಹುಟ್ಟಿಸಿ ಕೆಳಗೆ ತಳ್ಳಿದ್ದೆ. ಮೇಲಿನ ಹಂತದಲ್ಲಿ ಕಟ್ಟಿದ ಗಂಟು ಕೆಳಗಿನ ಹಂತಕ್ಕೆ ಗಂಟಾಗಿಯೇ ಇಳಿಯುತ್ತದೆ. ಅಲ್ಲೂ ಇನ್ನೊಂದು ಅವಧಿ ಹಾಕಿದ್ದರೆ ಅದು ಇನ್ನೂ ದೊಡ್ಡದಾಗುತ್ತದೆ. ಜೋಡಣೆಯ ಹಂತದಲ್ಲಿ ಒಂದು ಸಲ ಶುರು ಮಾಡುವ ಖರ್ಚು ನಮಗೆ ಇದ್ದದ್ದು ಹತ್ತು ನಿಮಿಷದ ಪಾನ-ಸ್ಕ್ರೂಡ್ರೈವರ್ ಹೊಂದಿಸುವ ಕೆಲಸ ಅಷ್ಟೇ. ಅಲ್ಲಿ ಅವಧಿಯ ಅಗತ್ಯವೇ ಇರಲಿಲ್ಲ.

ಎರಡನೇ ಪೆಟ್ಟು ಗೇರ್‌ಬಾಕ್ಸಿನಲ್ಲೇ ಬಿತ್ತು. ಟೆಂಪೋ ಇನ್ನೂ ಕಡಿಮೆಯಾಗಲಿ ಎಂದು ಅವಧಿಯನ್ನು ನಾಲ್ಕಕ್ಕೆ ಏರಿಸಿದ್ದೆ. ಹತ್ತೊಂಬತ್ತು ಬಂದವು, ಹತ್ತು ಬಳಕೆಯಾದವು. ಮೂರನೇ ವಾರ ಫ್ಯಾನಿನ ವೇಗ ಹೆಚ್ಚಿಸಲು ಗೇರಿನ ಅನುಪಾತ ಬದಲಿಸಬೇಕೆಂದು ಡಿಸೈನಿನವರು ತೀರ್ಮಾನಿಸಿದರು. ಹಳೆಯ ಅನುಪಾತದ ಒಂಬತ್ತು ಗೇರ್‌ಬಾಕ್ಸ್ ರ್‍ಯಾಕಿನ ಮೇಲೆ ಉಳಿದವು. ₹2,34,000. ವಾರಕ್ಕೆ ₹120 ಎಂದು ನಾನು ಹಿಡಿದ ಖರ್ಚಿನಲ್ಲಿ ಈ ಸಂಭವದ ಒಂದು ಪಾಲು ಇತ್ತು, ನಿಜ. ಆದರೆ ಸರಾಸರಿ ಹಿಡಿದ ಅಪಾಯ ವಾರವಾರ ಸ್ವಲ್ಪ ಸ್ವಲ್ಪ ಬರುವುದಿಲ್ಲ, ಬರದೆ ಬರದೆ ಒಂದು ದಿನ ಪೂರ್ತಿ ಬಂದು ನಿಲ್ಲುತ್ತದೆ. ಚಿತ್ರ ಬದಲಾಗುವ ಸಾಧ್ಯತೆಯಿರುವ ಭಾಗಕ್ಕೆ ಅವಧಿ ಎಷ್ಟಿರಬೇಕು ಎಂಬುದನ್ನು ಸೂತ್ರ ಹೇಳುವುದಿಲ್ಲ, ಡಿಸೈನ್ ಕೋಣೆಗೆ ಹೋಗಿ ಕೇಳಬೇಕು.

ಇನ್ನೊಂದು ತೊಂದರೆ ನಿಧಾನವಾಗಿ ಅರ್ಥವಾಯಿತು. ಅದನ್ನು ಮೇಲಿನ ಅಂಕಿಗಳಲ್ಲೇ ತೋರಿಸಬಹುದು. ಮೂರು ವಾರದ ಅವಧಿ, ಮೊದಲ ಹತ್ತು ಬಂದಾಗಿದೆ. ಆಗ ನಾಲ್ಕನೇ ವಾರದ ಒಂಬತ್ತರಲ್ಲಿ ಎರಡು ಯಂತ್ರ ಒಂದು ವಾರ ಮೊದಲೇ ಬೇಕು ಎಂದು ಡೀಲರ್ ಫೋನ್ ಮಾಡುತ್ತಾರೆ. ಲಾಟ್-ಫಾರ್-ಲಾಟ್ ಆಗಿದ್ದರೆ ಮೂರನೇ ವಾರ ಎರಡು, ನಾಲ್ಕನೇ ವಾರ ಏಳು, ಉಳಿದದ್ದು ಹಾಗೆಯೇ. ಮೂರು ವಾರದ ಅವಧಿಯಲ್ಲಿ ಏನಾಗುತ್ತದೆ ನೋಡಿ. ಈಗ ಮೊದಲ ಅಗತ್ಯ ಮೂರನೇ ವಾರದಲ್ಲಿ, ಎಣಿಕೆ ಅಲ್ಲಿಂದ ಶುರು: 2, 7, 1 ಸೇರಿ ಹತ್ತು. ಮುಂದಿನದು ಆರನೇ ವಾರ: 3, 0, 7 ಸೇರಿ ಹತ್ತು. ನಾಲ್ಕನೇ ವಾರದ ಹದಿಮೂರೂ ಎಂಟನೇ ವಾರದ ಏಳೂ ಮಾಯ. ಎರಡು ಯಂತ್ರ ಒಂದೇ ವಾರ ಸರಿದದ್ದಕ್ಕೆ ಮುಂದಿನ ಎರಡೂ ಆರ್ಡರುಗಳ ತಾರೀಖೂ ಬದಲಾಯಿತು, ಪ್ರಮಾಣವೂ ಬದಲಾಯಿತು. ವಾಳೂಜ್‌ನಲ್ಲಿ ಹದಿಮೂರಕ್ಕೆ ಕಚ್ಚಾ ಮಾಲು ತಂದಿಟ್ಟವರಿಗೆ ನಾನು ಹತ್ತು ಎನ್ನುತ್ತೇನೆ, ಅದೂ ಒಂದು ವಾರ ಮೊದಲು. ಇದನ್ನೇ ಯೋಜನೆಯ ತಲ್ಲಣ ಎನ್ನಬಹುದು. ಒಂದೇ ಭಾಗದ ತಾರೀಖು ವಾರಕ್ಕೊಮ್ಮೆ ಹಿಂದೆ ಮುಂದೆ ಓಡಾಡುತ್ತಿದ್ದರೆ, ಕೆಲವು ವಾರ ಆದಮೇಲೆ ಕಳಿಸುವವರು ನಮ್ಮ ಕಾಗದ ನೋಡುವುದನ್ನೇ ಬಿಟ್ಟು ಫೋನ್ ಬರುವುದನ್ನು ಕಾಯತೊಡಗುತ್ತಾರೆ. ಅವರು ಹಾಗೆ ಕಾಯುತ್ತಿರುವುದೇ ಯೋಜನೆಯ ಮೇಲೆ ನಂಬಿಕೆ ಹೋಗಿದೆ ಎಂಬುದರ ಗುರುತು.

ಇದಕ್ಕೆ ಮದ್ದು ಸರಳ. ಗೇರ್‌ಬಾಕ್ಸ್ ಮಾಡಲು ಎರಡು ವಾರ ಬೇಕು, ಆದ್ದರಿಂದ ಮುಂದಿನ ಎರಡು ವಾರದ ಆರ್ಡರುಗಳನ್ನು ತಂತ್ರಾಂಶ ತಾನಾಗಿ ಮುಟ್ಟದಂತೆ ಕಟ್ಟಿಹಾಕಿದೆವು. ಆ ಬೇಲಿಯೊಳಗೆ ಬದಲಾವಣೆ ಬೇಕಾದರೆ ನಾನು ವಾಳೂಜ್‌ಗೆ ಫೋನ್ ಮಾಡಿ ಕೇಳಬೇಕು. ಅವರು ಆಗುತ್ತದೆ ಎಂದರೆ ಕೈಯಿಂದ ಬದಲಿಸಬೇಕು. ಬೇಲಿಯ ಹೊರಗೆ ತಂತ್ರಾಂಶ ಏನು ಬೇಕಾದರೂ ಮಾಡಿಕೊಳ್ಳಲಿ.

ಕೊನೆಗೆ ನಾವು ಒಪ್ಪಂದಕ್ಕೆ ಬಂದದ್ದು ಹೀಗೆ. ಪೂರ್ತಿ ಯಂತ್ರಕ್ಕೆ ಮತ್ತು ನಮ್ಮ ಶೆಡ್ಡಿನ ಜೋಡಣೆಗಳಿಗೆ ಲಾಟ್-ಫಾರ್-ಲಾಟ್, ಗಂಟು ಮೇಲಿನಿಂದ ಶುರುವಾಗದಿರಲಿ ಎಂದು. ಬೋಲ್ಟು, ವಾಷರು, ಹೋಸ್ ಕ್ಲಿಪ್ಪಿಗೆ ತಿಂಗಳ ಅವಧಿ. ಇಟ್ಟುಕೊಳ್ಳಲು ಪೈಸೆಗಳ ಖರ್ಚು, ಚಿತ್ರ ಬದಲಾದರೂ ಬೇರೆ ಕಡೆ ಬಳಕೆಯಾಗುತ್ತವೆ. ಗೇರ್‌ಬಾಕ್ಸಿನಂಥ, ದೂರದಿಂದ ಬರುವ ದುಬಾರಿ ಭಾಗಗಳಿಗೆ ಮಾತ್ರ ಕೂತು ಲೆಕ್ಕ ಹಾಕುವುದು. ಅವು ಹದಿನಾರೋ ಹದಿನೇಳೋ ಇದ್ದವು, ಒಂದು ಮಧ್ಯಾಹ್ನದ ಕೆಲಸ.

ಈ ಕತೆಗೆ ಇನ್ನೊಂದು ತಿರುವು ಇದೆ. ವಾಳೂಜ್‌ನಲ್ಲಿ ನಮಗೆ ಇನ್ನೂ ಇಬ್ಬರು ಕಳಿಸುವವರಿದ್ದರು. ಮೂವರದ್ದೂ ಬೇರೆ ಬೇರೆ ಟೆಂಪೋ. ನಾವೇ ಒಂದು ಟೆಂಪೋ ಗೊತ್ತುಮಾಡಿ, ವಾರಕ್ಕೊಮ್ಮೆ ಮೂರೂ ಶೆಡ್ಡು ಸುತ್ತಿ ಬರುವಂತೆ ಮಾಡಿದೆವು. ಬೆಲೆಯಿಂದ ಸಾಗಣೆ ಖರ್ಚನ್ನು ಕಳೆಯಲು ಅವರೂ ಒಪ್ಪಿದರು. ಗೇರ್‌ಬಾಕ್ಸಿನ ಪಾಲಿಗೆ ಒಂದು ಸಲಕ್ಕೆ ₹1,800 ಇದ್ದದ್ದು ₹600ಕ್ಕೆ ಇಳಿಯಿತು. ಅದೇ ಎಂಟು ವಾರಗಳ ಲೆಕ್ಕ ಮತ್ತೆ ಹಾಕಿ ನೋಡಿ: ಲಾಟ್-ಫಾರ್-ಲಾಟ್ ₹3,600. ಅಗತ್ಯದಿಂದ ಎಣಿಸಿದ ಎರಡು ವಾರ ₹3,000. ಮೂರು ವಾರ ₹3,120. ಹಿಂದೆ ಲಾಟ್-ಫಾರ್-ಲಾಟ್‌ಗೂ ಮೂರು ವಾರಕ್ಕೂ ₹4,080 ಅಂತರವಿತ್ತು. ಈಗ ಲಾಟ್-ಫಾರ್-ಲಾಟ್‌ಗೂ ಎಲ್ಲಕ್ಕಿಂತ ಅಗ್ಗದ್ದಕ್ಕೂ ಎಂಟು ವಾರಕ್ಕೆ ₹600 ಮಾತ್ರ. ಅಷ್ಟು ಕೊಟ್ಟರೆ ತಲ್ಲಣವಿಲ್ಲ, ರ್‍ಯಾಕಿನ ಮೇಲೆ ಹಳೆಯ ಅನುಪಾತದ ಒಂಬತ್ತು ಉಳಿಯುವ ಭಯವಿಲ್ಲ. ಗೇರ್‌ಬಾಕ್ಸನ್ನು ಮತ್ತೆ ಲಾಟ್-ಫಾರ್-ಲಾಟ್‌ಗೇ ತಂದೆವು.

ಅಂದರೆ ನಾನು ಮೊದಲ ತಿಂಗಳು ಹಾಕಿದ ಅಕ್ಷರಗಳೇ ಆ ಖಾನೆಯಲ್ಲಿ ಮತ್ತೆ ಕೂತವು. ಮೊದಲ ಸಲ ಅದರ ಖರ್ಚನ್ನು ವಾಳೂಜ್‌ನವರು ಕೊಟ್ಟಿದ್ದರು, ನನಗೆ ಗೊತ್ತಿರಲಿಲ್ಲ. ಈ ಸಲ ಅದು ನಮ್ಮ ಪುಸ್ತಕದಲ್ಲಿ, ₹600 ಎಂದು, ಕಾಣುವ ಹಾಗೆ ಬರೆದಿತ್ತು.

ಸಟಾಣಾದ ರೈತರ ಯಂತ್ರ ಆ ವರ್ಷ ಎಂಟು ದಿನ ತಡವಾಗಿ ಹೋಯಿತು. ತೋಟದ ಒಂದು ಬದಿಯಲ್ಲಿ ಡೌನಿ ಹತ್ತಿತ್ತು ಎಂದು ನಮ್ಮ ಸರ್ವಿಸ್ ಹುಡುಗ ಬಂದು ಹೇಳಿದ. ಎಷ್ಟು ಹೋಯಿತು ಎಂದು ಅವನು ಕೇಳಿರಲಿಲ್ಲ, ನನಗೂ ಫೋನ್ ಮಾಡಿ ಕೇಳುವ ಧೈರ್ಯ ಬರಲಿಲ್ಲ. ನನ್ನ ಎಂಟು ವಾರದ ಲೆಕ್ಕದಲ್ಲಿ ಟೆಂಪೋಗೆ ಒಂದು ಸಾಲಿದೆ, ಸ್ಟೋರಿಗೆ ಒಂದು ಸಾಲಿದೆ. ಆ ಎಂಟು ದಿನಕ್ಕೆ ಸಾಲು ಇಲ್ಲ. ಈಗಲೂ ಯಾವುದೇ ಭಾಗಕ್ಕೆ ಆ ಖಾನೆ ತುಂಬುವಾಗ ಮೊದಲು ಅದರ ಅತಿ ಸಣ್ಣ ಆರ್ಡರ್ ಎಷ್ಟು ಎಂದು ನೋಡುತ್ತೇನೆ, ಆಮೇಲೆ ಅದು ಯಾರ ಯಂತ್ರದ್ದು ಎಂದು ನೋಡುತ್ತೇನೆ.